ಕೊಸರು ತಾತನ ವಾರದ ಅಡುಗೆ

ತರಕಾರಿ ಪೇಟೆಯಲ್ಲಿ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಕೊಸರು ತಾತ. ಚೌಕಾಸಿ ಮುಗಿದು, ತೂಕವಾಗಿ, ದುಡ್ಡು ಕೊಟ್ಟು, ಇನ್ನೇನು ಈ ಮನುಷ್ಯ ಹೊರಟ ಎಂದು ಅಂಗಡಿಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಸರಿಯಾಗಿ, ತಾತ ಚೀಲದ ಬಾಯನ್ನು ಇನ್ನಷ್ಟು ಅಗಲಿಸಿ ಹಿಡಿದು, "ಮೇಲೆ ಒಂದು ಹಾಕಮ್ಮ" ಎನ್ನುತ್ತಿದ್ದರು. ಹಾಕುವ ತನಕ ಚೀಲ ಮುಚ್ಚುತ್ತಿರಲಿಲ್ಲ.

ಕೆಲಸದಲ್ಲಿದ್ದಷ್ಟು ಕಾಲ ಅವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಬೋಗಿಯಿಂದ ಬೋಗಿಗೆ ನಡೆದದ್ದೇ ನಡೆದದ್ದು. ಟಿಕೆಟ್ ಇಲ್ಲದವರು ಅತ್ತು, ಕರೆದು, ಕಾಲು ಹಿಡಿದು, ದಂಡದಲ್ಲಿ ಒಂದಿಷ್ಟು ಬಿಡಿಸಿಕೊಳ್ಳಲು ನೋಡುತ್ತಿದ್ದರು. ಆಯುಷ್ಯವಿಡೀ ಇನ್ನೊಬ್ಬರ ಚೌಕಾಸಿ ಕೇಳಿ ಕೇಳಿ ಕಿವಿ ತೂತಾಗಿದ್ದ ಮನುಷ್ಯನಿಗೆ, ನಿವೃತ್ತಿಯಾದ ಮೇಲೆ ತಾನೂ ಒಂದು ಕೈ ನೋಡಿಯೇಬಿಡೋಣ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ನೋಡಿದರು. ರುಚಿ ಹತ್ತಿತು. ಬೆಳಗಾದರೆ ಎರಡು ಚೀಲ ಹಿಡಿದು ಹೊರಟುಬಿಡುವರು. ತುಂಬಿಸಿಕೊಂಡು ಬರುವಾಗ ಯುದ್ಧ ಗೆದ್ದು ಬಂದವರ ಹಾಗೆ ಮೆಟ್ಟಿಲು ಹತ್ತುವರು.

ಹೆಂಡತಿ ಇದ್ದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಆಗ ಮನೆ ತುಂಬ ಜನ. ತಮ್ಮಂದಿರು, ಅವರ ಹೆಂಡಿರು ಮಕ್ಕಳು, ಬಂದವರು, ಬಂದು ಹೋಗದೆ ಉಳಿದವರು. ಎಷ್ಟು ತಂದರೂ ನಾಳೆಗೆ ಉಳಿಯುತ್ತಿರಲಿಲ್ಲ. ಆಕೆ ಚೀಲದೊಳಗೆ ಒಮ್ಮೆ ಇಣುಕಿ ನೋಡಿದರೆ ಸಾಕು, ತಾತ ಚಪ್ಪಲಿ ಬಿಡುವಷ್ಟರಲ್ಲಿ ಒಲೆಯ ಮೇಲೆ ಪಾತ್ರೆ ಏರಿರುತ್ತಿತ್ತು. ಯಾವುದನ್ನು ಇವತ್ತು ಬೇಯಿಸಬೇಕು, ಯಾವುದು ನಾಲ್ಕು ದಿನ ತಡೆಯುತ್ತದೆ, ಇದೆಲ್ಲ ಆಕೆಗೆ ಹೇಗೆ ಹೊಳೆಯುತ್ತಿತ್ತು ಎಂದು ತಾತ ಒಂದು ದಿನವೂ ಯೋಚಿಸಿದವರಲ್ಲ. ಊಟಕ್ಕೆ ಕರೆದಾಗ ಕೈ ತೊಳೆದುಕೊಂಡು ಬರುವುದಷ್ಟೇ ಅವರ ಪಾಲಿನ ಅಡುಗೆ.

ಈಗ ಮನೆಯಲ್ಲಿ ನಾಲ್ಕೇ ಜನ. ಮಗ ಲಿಫ್ಟ್ ರಿಪೇರಿಯವನು. ಊರಿನಲ್ಲಿ ಎಲ್ಲಿ ಯಾರು ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡರೂ ಅವನಿಗೆ ಫೋನು. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಒಂದಷ್ಟು ದಿನ ಬೆಳಗಿನ ಪಾಳಿ, ಒಂದಷ್ಟು ದಿನ ಮಧ್ಯಾಹ್ನದ ಪಾಳಿ. ಮೊಮ್ಮಗಳು ಹೈಸ್ಕೂಲು, ಫುಟ್‌ಬಾಲು, ಮತ್ತು ಮುಗಿಯದ ಹಸಿವು. ಜನ ಕಮ್ಮಿಯಾದರು, ಚೀಲ ಮಾತ್ರ ಕಮ್ಮಿಯಾಗಲಿಲ್ಲ.

ಒಂದು ಸಂಜೆ ಸೊಸೆ ಕೆಲಸದಿಂದ ಬಂದವಳು ಕೈಚೀಲವನ್ನೂ ಇಳಿಸದೆ ಫ್ರಿಜ್ಜಿನ ಬಾಗಿಲು ತೆಗೆದಳು. ಮೇಲಿನ ಹಲಗೆಯಿಂದ ಒಂದು ಹೂಕೋಸು ಉರುಳಿ ಅವಳ ಕಾಲ ಮೇಲೆ ಬಿತ್ತು. ಅದನ್ನೆತ್ತಿಡಲು ಜಾಗ ಹುಡುಕುತ್ತ ಒಳಗೆ ಕೈ ಹಾಕಿದರೆ, ಒಂದು ಕಾಲದಲ್ಲಿ ಸೌತೆಕಾಯಿಯಾಗಿದ್ದದ್ದು ಬೆರಳಿಗೆ ಮೆತ್ತಿಕೊಂಡಿತು. ಅವಳು ಬಾಗಿಲು ತೆರೆದೇ ನಿಂತಳು. ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತಿತ್ತು, ಫ್ರಿಜ್ಜು ಬೇಸರದಿಂದ ಗುಂಯ್‌ಗುಡುತ್ತಿತ್ತು.

"ಇವತ್ತು ಏನ್ ಮಾಡ್ತೀಯಮ್ಮ?" ಎಂದು ತಾತ ಹಾಲಿನಿಂದ ಕೇಳಿದರು. ಮನೆ ತುಂಬ ತರಕಾರಿ ತಂದು ಹಾಕಿದವರ ಉದಾರ ದನಿ ಅದು.

"ಅದೇ ನೋಡ್ತಿದೀನಿ ಮಾವ."

ನೋಡಿದಳು, ನೋಡಿದಳು. ಆಮೇಲೆ ಬಾಗಿಲು ಹಾಕಿ, ಕೈ ತೊಳೆದು, ಹೋಟೆಲಿಗೆ ಫೋನು ಮಾಡಿದಳು. ತುಂಬಿ ತುಳುಕುವ ಫ್ರಿಜ್ಜಿನ ಪಕ್ಕದಲ್ಲೇ ಕೂತು ನಾಲ್ಕೂ ಜನ ರಟ್ಟಿನ ಡಬ್ಬಿಯ ಊಟ ಮಾಡಿದರು. ತಾತ ಡಬ್ಬಿಯೊಳಗಿನ ಅನ್ನವನ್ನು ಅತ್ತಿಂದಿತ್ತ ತಳ್ಳುತ್ತಿದ್ದರು. ಅಷ್ಟು ಜಗಳವಾಡಿ ಗೆದ್ದು ತಂದ ತರಕಾರಿಗೆ ಆದ ಅವಮಾನ ಅದು ಎಂದುಕೊಂಡರು. ಅವಮಾನ ಬೇರೆ ಯಾರಿಗಾದರೂ ಆಗಿರಬಹುದೆಂದು ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸೊಸೆ ಸೆರಗು ಕಟ್ಟಿ ನಿಂತಳು. ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ತೆಗೆದು ಊಟದ ಮೇಜಿನ ಮೇಲೆ ಸುರಿದಳು. ಅರ್ಧ ಕೊಯ್ದ ಎಲೆಕೋಸು ಒಂದಲ್ಲ, ಮೂರು. ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಚಾಕು ಬಿದ್ದಿತ್ತು. ಕೊತ್ತಂಬರಿ ಕಟ್ಟು ಕೆರೆಯ ಪಾಚಿಯಾಗಿತ್ತು. ಯಾವುದೋ ಡಬ್ಬಿಯ ಮುಚ್ಚಳ ತೆಗೆದ ಮೊಮ್ಮಗಳು ಮೂಗು ಮುಚ್ಚಿಕೊಂಡು, "ಅಮ್ಮ, ಇದಕ್ಕೆ ಮೀಸೆ ಬಂದಿದೆ!" ಎಂದು ಕಿರುಚಿದಳು. ಕಸದ ಬುಟ್ಟಿ ಭರ್ತಿಯಾಗಿ, ಪಕ್ಕದಲ್ಲಿ ಬಕೆಟ್ಟೂ ಭರ್ತಿಯಾಯಿತು. ತಾತ ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೂತಿದ್ದರು. ಪೇಪರು ತಲೆಕೆಳಗಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿತು. ಸೊಸೆ ಮೊದಲು ಉಳಿದಿರುವುದೇನು ಎಂದು ನೋಡಿದ್ದಳು; ಆಮೇಲೆ ತನ್ನ ಪಾಳಿ, ಮಗಳ ಆಟ; ಆಮೇಲೆ ವಾರದ ಅಡುಗೆ; ಕೊನೆಗೆ ಆ ಅಡುಗೆಗೆ ಬೇಕಾಗಿ ಮನೆಯಲ್ಲಿ ಇಲ್ಲದ್ದರ ಪಟ್ಟಿ, ತರಬೇಕಾದ್ದು ಅಷ್ಟೇ. ಬೇಗ ಬಾಡುವ ಸೊಪ್ಪು ವಾರದ ಮೊದಲೆರಡು ದಿನಕ್ಕೆ. ಬೀನ್ಸು, ಹೂಕೋಸು ನಡುವಿಗೆ. ಕ್ಯಾರೆಟ್ಟು, ಆಲೂಗೆಡ್ಡೆಯಂಥ ಗಟ್ಟಿಪಿಂಡಗಳು ಕೊನೆಗೆ. ಕಾಳು ಒಮ್ಮೆ ಬೇಯಿಸಿದರೆ ಎರಡು ಊಟಕ್ಕೆ: ಒಂದು ದಿನ ಸಾರು, ಮಾರನೇ ದಿನ ಪಲ್ಯ. ಅವಳು ಮಧ್ಯಾಹ್ನದ ಪಾಳಿಯಿಂದ ತಡವಾಗಿ ಬರುವ ದಿನ ಮೊಟ್ಟೆ, ಬ್ರೆಡ್ಡು, ಮುಗಿಯಿತು. ವಾರಕ್ಕೊಂದೇ ಸಲ ಪೇಟೆ, ಅದೂ ಗಂಡನ ಸ್ಕೂಟರಿನಲ್ಲಿ.

ತಾತ ಕನ್ನಡಕ ಏರಿಸಿ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. "ನನ್ನ ಹೆಸರು ಎಲ್ಲೂ ಇಲ್ವಲ್ಲಮ್ಮ?"

"ನೀವು ಇನ್ಮೇಲೆ ಆರಾಮಾಗಿರಿ ಮಾವ. ಬಿಸಿಲಲ್ಲಿ ಯಾಕೆ ಸುಮ್ನೆ ಚೀಲ ಹೊರ್ತೀರಿ? ರೆಸ್ಟ್ ತಗೊಳ್ಳಿ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ 'ರೆಸ್ಟ್' ಎಂಬ ಮಾತು ತಾತನ ಎದೆಗೆ ಕಲ್ಲಿನ ಹಾಗೆ ಬಿತ್ತು. ನಿವೃತ್ತಿಯ ದಿನ ಹಾರ ಹಾಕಿದವರೂ ಇದನ್ನೇ ಹೇಳಿದ್ದರು. ಒಬ್ಬ ಮನುಷ್ಯನನ್ನು ಎಷ್ಟು ಸಲ ನಿವೃತ್ತಿ ಮಾಡುವುದು?

ಎರಡು ದಿನ ಸುಮ್ಮನಿದ್ದರು. ಮೂರನೇ ದಿನ, ಬರಿಗೈಯಲ್ಲಿ, ಬರೀ ನೋಡಿಕೊಂಡು ಬರೋಣವೆಂದು ಪೇಟೆಗೆ ಹೋದರು. ಸೊಪ್ಪು, ತರಕಾರಿ ಮಾರುವ ಅಕ್ಕ ಅವರನ್ನು ದೂರದಿಂದಲೇ ನೋಡಿ ಸೊಂಟದ ಮೇಲೆ ಕೈಯಿಟ್ಟಳು. ಇವರಿಬ್ಬರ ಜಗಳ ಕೇಳಲೆಂದೇ ಪಕ್ಕದಂಗಡಿಯವರು ಕಿವಿ ನಿಮಿರಿಸುತ್ತಿದ್ದರು.

"ಏನ್ ಯಜಮಾನ್ರೇ, ಚೀಲ ಎಲ್ಲಿ? ಸೊಸೆ ಕಿತ್ಕೊಂಡ್ಲಾ?"

"ಛೆ ಛೆ. ನಾನೇ ಬಿಟ್ಟೆ."

"ಹಂಗಾದ್ರೆ ಈ ಕುಂಬಳಕಾಯಿ ನಿಮ್ಗಲ್ಲ ಬಿಡಿ. ಅರ್ಧ ರೇಟಿಗೆ ಕೊಡಾಣ ಅಂತಿದ್ದೆ."

ಅರ್ಧ ರೇಟು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಏನಾಯಿತೆಂದು ತಾತನಿಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಇಷ್ಟೇ: ಮನೆಯ ಮೆಟ್ಟಿಲ ಬಳಿ ನಿಂತಿದ್ದರು, ಕಂಕುಳಲ್ಲಿ ತೊಟ್ಟಿಲ ಮಗುವಿನಷ್ಟು ಕುಂಬಳಕಾಯಿ ಇತ್ತು. ಕೊಸರಿಗೆಂದು ಹಾಕಿಸಿಕೊಂಡ ಎರಡು ಬದನೆಕಾಯಿ ಜುಬ್ಬದ ಜೇಬಿನಲ್ಲಿ.

ಕುಂಬಳಕಾಯಿ ಮಂಚದ ಕೆಳಗೆ ಹೋಯಿತು. ಬದನೆಕಾಯಿ ಮೊಮ್ಮಗಳ ಹಳೆಯ ಆಟದ ಬೂಟಿನೊಳಗೆ ಅಡಗಿತು. ಮಾರನೇ ದಿನ ಹೂಕೋಸು, ಅದರ ಮಾರನೇ ದಿನ ಮತ್ತೊಂದು. ಹಳೆಯ ಟ್ರಂಕಿನಲ್ಲಿ ಮಡಿಸಿಟ್ಟಿದ್ದ ಕೆಲಸದ ಕಪ್ಪು ಕೋಟಿನ ಮೇಲೆ ಅವೆರಡನ್ನೂ ಮಲಗಿಸಿದರು. ಹೊಟ್ಟೆಗೆ ಹಾಕಿಕೊಳ್ಳಲೂ ಆಗದ, ಯಾರಿಗೂ ತೋರಿಸಲೂ ಆಗದ ಇವನ್ನು ಯಾಕೆ ತರುತ್ತಿದ್ದೇನೆ ಎಂದು ಅವರು ತಮ್ಮನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಹೇಳಬೇಕಾಗುತ್ತದಲ್ಲ.

ವಾರ ಕಳೆಯುವುದರೊಳಗೆ ಮನೆಯಲ್ಲಿ ಒಂದು ವಾಸನೆ ಎದ್ದಿತು.

"ಇಲಿ ಸತ್ತಿದೆ" ಎಂದ ಮಗ.

"ಎಲ್ಲೋ ಪಕ್ಕದ್ಮನೇಲಿರ್ಬೇಕು" ಎಂದರು ತಾತ, ಸ್ವಲ್ಪ ಬೇಗನೆ.

ಮಗ ಬಿಡಲಿಲ್ಲ. ಕೆಟ್ಟ ಲಿಫ್ಟಿನ ಕಳ್ಳಸದ್ದು ಹುಡುಕಿ ಅಭ್ಯಾಸವಾದವನು. ಟಾರ್ಚು ಹಿಡಿದು, ಮೂಗು ಮುಂದೆ ಮಾಡಿಕೊಂಡು, ಹಾಲು, ಅಡುಗೆಮನೆ, ಬಚ್ಚಲು ದಾಟಿ, ತಂದೆಯ ಕೋಣೆಗೇ ಬಂದ. ಮಂಚ ಎಳೆದ. ಕುಂಬಳಕಾಯಿ ಗುಡುಗುಡು ಉರುಳಿಕೊಂಡು ಬಂದು ಎಲ್ಲರ ನಡುವೆ ನಿಂತಿತು. ಆಮೇಲೆ ಬೂಟು, ಆಮೇಲೆ ಟ್ರಂಕು. ಅದರ ಮುಚ್ಚಳ ಎತ್ತಿದ ಮಗ ಎರಡು ಹೆಜ್ಜೆ ಹಿಂದೆ ಸರಿದ. ಹೂಕೋಸುಗಳು ಕಪ್ಪು ಮಚ್ಚೆ ಎದ್ದು, ನೀರೊಡೆದು, ಕೋಟಿನ ಕಾಲರಿನ ತನಕ ಇಳಿದಿದ್ದವು.

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಗಂಭೀರವಾಗಿ ಕೈ ಮುಂದೆ ಚಾಚಿ, "ತಾತ, ಇವುಗಳ ಟಿಕೆಟ್ ತೋರ್ಸು" ಎಂದಳು.

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ತಡೆಯಲಾಗಲಿಲ್ಲ. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮಗನೂ ನಕ್ಕ. ಬೈದಿದ್ದರೆ ತಾತ ತಡೆದುಕೊಳ್ಳುತ್ತಿದ್ದರೇನೋ, ಅವರ ನಗು ಸಹಿಸಲಾಗಲಿಲ್ಲ.

"ನಗಿ, ನಗಿ. ಈ ಮನೇಲಿ ನಂಗೆ ಇರೋದೊಂದು ಕೆಲ್ಸ. ಅದನ್ನೂ ಕಿತ್ಕೊಂಡು ಹಾಳೆ ಅಂಟ್ಸಿದೀರಿ. ನಾನೂ ಒಂದು ಹಳೇ ಸಾಮಾನು, ಮಂಚದ ಕೆಳಗೆ ತಳ್ಬಿಡಿ!" ಎಂದು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಕೋಟನ್ನು ತಾವೇ ತೊಳೆದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಹಸಿವು ಹೊಟ್ಟೆಯಲ್ಲಿ ತಾಳ ಹಾಕುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಸೊಸೆ ತಟ್ಟೆ ಹಿಡಿದುಕೊಂಡು ಬಂದಳು. ಮಂಚದ ತುದಿಯಲ್ಲಿ ಕೂತಳು.

"ಮಾವ, ನಕ್ಕಿದ್ದು ತಪ್ಪಾಯ್ತು. ಆದ್ರೆ ಒಂದ್ ಮಾತು ಕೇಳಿ. ಅಡುಗೆ ಮಾಡೋದು ನಂಗೆ ಕಷ್ಟ ಅಲ್ಲ. ಏನ್ ಮಾಡೋದು, ಏನ್ ಮಾಡೋದು ಅಂತ ದಿನಾ ಯೋಚ್ನೆ ಮಾಡ್ತೀನಲ್ಲ, ಅದು ಕಷ್ಟ. ಲ್ಯಾಬಲ್ಲಿ ಸೂಜಿ ಹಿಡ್ಕೊಂಡಿದ್ರೂ ತಲೇಲಿ ನಿಮ್ಮ ಸೌತೆಕಾಯಿ ಕೊಳೀತಾ ಇರತ್ತೆ."

"ಇದೂ ಒಂದು ಕಷ್ಟವಾ? ಇರೋದನ್ನ ಬೇಯ್ಸೋದು. ನಿಮ್ಮತ್ತೆ ಇಪ್ಪತ್ತು ಜನಕ್ಕೆ ಮಾಡ್ತಿದ್ಲು, ಒಂದಿನ ಹಿಂಗೆ ಹಾಳೆ ಅಂಟ್ಸಿರ್ಲಿಲ್ಲ."

ಸೊಸೆಯ ಮುಖ ಒಂದು ಕ್ಷಣ ಬಿಗಿಯಾಯಿತು. ಆಮೇಲೆ ತುಟಿಯ ಮೂಲೆಯಲ್ಲಿ ಏನೋ ಆಡಿತು. "ಸರಿ ಹಾಗಾದ್ರೆ. ನಮ್ಮ ಲ್ಯಾಬಲ್ಲಿ ಒಬ್ಳು ರಜ ಹಾಕಿದಾಳೆ, ಬರೋ ವಾರ ಪೂರ್ತಿ ನಂಗೆ ಎರಡೆರಡು ಪಾಳಿ. ಅಡುಗೆಮನೆ ನಿಮ್ದು. ಪೇಟೆನೂ ನಿಮ್ದೇ. ಪಟ್ಟಿ ಬೇಕಾದ್ರೆ ನೋಡಿ, ಬೇಡದಿದ್ರೆ ಬಿಡಿ."

ಚಹಾ ಬಿಟ್ಟರೆ ಬೇರೇನೂ ಕುದಿಸಿ ಗೊತ್ತಿಲ್ಲದ ತಾತ, "ಅದೇನ್ ಮಹಾ" ಎಂದುಬಿಟ್ಟರು.

ಸೋಮವಾರ ಚೀಲ ಹಿಡಿದು ಪೇಟೆಗೆ ಹೋದವರ ಕಣ್ಣಿಗೆ ಮೊದಲು ಬಿದ್ದದ್ದೇ ಟೊಮೆಟೊ. ಕೆಂಪಗೆ, ಮಾಗಿ, ಪೆಟ್ಟಿಗೆಗಟ್ಟಲೆ. ಮಾಗಿದ್ದು ಜಾಸ್ತಿಯಾಗಿದೆ ಅಂತಲೇ ಸೊಪ್ಪಿನ ಅಕ್ಕ ಪೆಟ್ಟಿಗೆಯನ್ನೇ ಸೋವಿಗೆ ಕೊಡುತ್ತಿದ್ದಳು. ಪಟ್ಟಿಯಲ್ಲಿ ಟೊಮೆಟೊ ಇದ್ದದ್ದು ಎರಡು ಮುಷ್ಟಿ. ಪಟ್ಟಿ ಮನೆಯ ಫ್ರಿಜ್ಜಿನ ಮೇಲಿತ್ತು, ಪೆಟ್ಟಿಗೆ ಕಣ್ಣ ಮುಂದೆ ಇತ್ತು. ಗೆದ್ದದ್ದು ಪೆಟ್ಟಿಗೆ.

ಅವತ್ತು ಸೊಪ್ಪಿನ ಪಲ್ಯ ಮಾಡಿದರು. ಒಂದು ರಾಶಿ ಸೊಪ್ಪು ಬಾಣಲೆಗೆ ಹಾಕಿದರೆ ಬೆಂದು ಒಂದು ಹಿಡಿಯಾಗುತ್ತದೆಂದು ತಿಳಿಯದೆ, ರಾಶಿಗೆ ತಕ್ಕ ಉಪ್ಪು ಹಾಕಿದ್ದರು. ಮೊಮ್ಮಗಳು ಒಂದು ತುತ್ತಿಗೆ ಎರಡು ಲೋಟ ನೀರು ಕುಡಿದು, "ಸಮುದ್ರ ಚೆನ್ನಾಗಿದೆ ತಾತ" ಎಂದಳು.

ಮಂಗಳವಾರ ಹುಷಾರಾದರು. ಪಟ್ಟಿಯಲ್ಲಿದ್ದಂತೆ ಕಾಳನ್ನು ಬೆಳಿಗ್ಗೆಯೇ ನೆನೆಹಾಕಿ, ಸಂಜೆ ಕುಕ್ಕರಿನಲ್ಲಿ ಮೆತ್ತಗಾಗಿಸಿ, ಸಾರು ಮಾಡಿ, ನಾಲ್ಕೂ ಜನಕ್ಕೆ ಅನ್ನ ಬಸಿದು, ತಟ್ಟೆ ಹಾಕಿ ಕಾದರು. ಮೊದಲು ಮಗನ ಫೋನು ಬಂತು. ಯಾವುದೋ ಕಟ್ಟಡದಲ್ಲಿ ಮದುಮಗನ ಕಡೆಯವರೆಲ್ಲ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರಂತೆ. ಬಿಡಿಸಿದ ಮೇಲೆ ಅಲ್ಲೇ ಊಟ ಅಂತೆ. ಆಮೇಲೆ ಮೊಮ್ಮಗಳು ಗೆಳತಿಯ ಮನೆಯಲ್ಲಿ ತಿಂದು ಬಂದಳು. ಸೊಸೆ ಆಸ್ಪತ್ರೆಯ ಕ್ಯಾಂಟೀನಿನಲ್ಲೇ ಮುಗಿಸಿದ್ದಾಗಿ ಹೇಳಿ ಕಳಿಸಿದಳು.

ತಾತ ಹಬೆಯಾಡುವ ಪಾತ್ರೆಗಳ ಮುಂದೆ ಒಬ್ಬರೇ ಕೂತರು. ಖಾಲಿ ತಟ್ಟೆಗಳು ಅವರನ್ನೇ ನೋಡುತ್ತಿದ್ದವು. ಬೆಳಿಗ್ಗೆಯಿಂದ ಪಟ್ಟ ಪಾಡಿಗೆ ಒಂದು ಬಾಯಿಯಾದರೂ ಬೇಡವೇ? ತಾನು ಡ್ಯೂಟಿಯ ದಿನಗಳಲ್ಲಿ "ಬರೋದು ತಡವಾಗ್ತದೆ, ಹೊರಗೇ ತಿಂದ್ಬಿಟ್ಟೆ" ಎಂದು ಎಷ್ಟು ಸಲ ಹೇಳಿದ್ದೆ, ಎಷ್ಟು ಸುಲಭವಾಗಿ ಹೇಳಿದ್ದೆ ಎಂಬುದು ಥಟ್ಟನೆ ನೆನಪಾಯಿತು. ಆಗ ಹೆಂಡತಿ "ಆಯ್ತು ಬಿಡಿ" ಎಂದಷ್ಟೇ ಹೇಳುತ್ತಿದ್ದಳು. ಆ ಮಾತಿನ ಹಿಂದೆ ಒಂದು ಪಾತ್ರೆ ಅನ್ನ ಇರುತ್ತಿತ್ತೆಂದು ಈಗ ಗೊತ್ತಾಗುತ್ತಿದೆ. ತಾತ ಎರಡನೇ ಸಲ ಬಡಿಸಿಕೊಂಡು, ಆಕೆಯ ಪಾಲನ್ನೂ ಸೇರಿಸಿ ತಿಂದರು. ಸಾರು ಮಾತ್ರ ನಿಜಕ್ಕೂ ಚೆನ್ನಾಗಿತ್ತು.

ಬುಧವಾರ ಸಂಜೆ ಅವರು ಫ್ರಿಜ್ಜಿನ ಬಾಗಿಲು ತೆರೆದು ನಿಂತರು. ನಿನ್ನೆಯ ಅನ್ನ, ಸಾರು, ಎತ್ತಿಟ್ಟ ಕಾಳು. ಕೆಳಗೆ ಪೆಟ್ಟಿಗೆಯಲ್ಲಿ ಟೊಮೆಟೊಗಳು ಮೈ ಬಿಟ್ಟುಕೊಂಡು ಒಂದರ ಮೇಲೊಂದು ಒರಗತೊಡಗಿದ್ದವು, ಒಂದೆರಡಕ್ಕೆ ಬೂಷ್ಟು. ಪಟ್ಟಿ ನೋಡಿದರೆ ಇವತ್ತು ಬೀನ್ಸು-ಕಾಳಿನ ಪಲ್ಯ, ಹೊಸ ಅನ್ನ. ಬೀನ್ಸು ಮಾಡಿದರೆ ನಿನ್ನೆಯದು ಏನು ಮಾಡುವುದು? ನಿನ್ನೆಯದು ತಿಂದರೆ ಬೀನ್ಸು ಏನಾಗುತ್ತದೆ? ಟೊಮೆಟೊ ಗತಿ? ರಾತ್ರಿ ಯಾರು ಯಾರು ಇರುತ್ತಾರೆ? ಯೋಚಿಸುತ್ತ ಯೋಚಿಸುತ್ತ ತಾತನಿಗೆ ಕಾಲು ನೋಯತೊಡಗಿತು. ಕೈಯಲ್ಲಿ ಒಂದು ಸೌಟೂ ಎತ್ತಿರಲಿಲ್ಲ, ಆಗಲೇ ಸುಸ್ತು. ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತಿತ್ತು.

"ತಾತ, ಬಾಗಿಲು ಹಾಕು, ಕರೆಂಟ್ ಬಿಲ್ ಬರತ್ತೆ" ಎಂದಳು ಮೊಮ್ಮಗಳು.

"ಏನ್ ಮಾಡೋದು ಅಂತ ನೋಡ್ತಿದೀನಿ ಕಣೇ."

"ಅಮ್ಮನ ಥರಾನೇ ಹೇಳ್ತೀಯ!"

ತಾತ ಬಾಗಿಲು ಹಾಕಿದರು. ಸ್ವಲ್ಪ ಹೊತ್ತು ಅದರ ಮೇಲಿನ ಹಾಳೆಯನ್ನೇ ನೋಡಿದರು. ಆಮೇಲೆ ಅಭಿಮಾನವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಪೇಟೆಗೆ ಹೋಗಿ, ಸೊಪ್ಪಿನ ಅಕ್ಕನ ಮುಂದೆ ನಿಂತರು. ಅವರು ಏನನ್ನೂ ಕೊಳ್ಳದೆ ನಿಂತದ್ದು ಅದೇ ಮೊದಲು.

"ಮಾರಾಟ ಆಗ್ದೇ ಉಳಿದ ಟೊಮೆಟೊನ ನೀನು ಏನ್ ಮಾಡ್ತೀಯಮ್ಮ?"

ಅಕ್ಕ ಮೊದಲು ಹೊಟ್ಟೆ ತುಂಬ ನಕ್ಕಳು. ಆಮೇಲೆ ಹೇಳಿದಳು: ಬೂಷ್ಟು ಹಿಡಿದದ್ದನ್ನು ಇಡೀ ಹಣ್ಣೇ ಎಸೆದುಬಿಡಿ, ಕೆತ್ತಿ ಉಳಿಸಲು ಹೋಗಬೇಡಿ. ಬರೀ ಮೆತ್ತಗಾದದ್ದನ್ನು ತೊಳೆದು, ಹೆಚ್ಚಿ, ಸ್ವಲ್ಪ ಉಪ್ಪು ಹಾಕಿ, ಗಟ್ಟಿಯಾಗುವ ತನಕ ಕುದಿಸಿ. ಆರಿದ ಮೇಲೆ ಒಂದೊಂದು ಊಟಕ್ಕೆ ಆಗುವಷ್ಟು ಸಣ್ಣ ಸಣ್ಣ ಡಬ್ಬಿಗೆ ತುಂಬಿ, ಫ್ರಿಜ್ಜಿನ ಮೇಲಿನ ಮಂಜಿನ ಖಾನೆಗೆ. "ದೊಡ್ಡ ಡಬ್ಬೀಲಿ ಹಾಕ್ಬೇಡಿ ಯಜಮಾನ್ರೇ. ಒಂದ್ಸಲ ಕರಗ್ಸಿದ್ರೆ ಪೂರ್ತಿ ಮುಗಿಸ್ಬೇಕಾಗತ್ತೆ."

ಆ ಸಂಜೆ ಅಡುಗೆಮನೆ ಕೊಲೆ ನಡೆದ ಜಾಗದ ಹಾಗೆ ಕಂಡಿತು. ತಾತ ಹೆಚ್ಚಿದರು, ಮೊಮ್ಮಗಳು ತಿರುವಿದಳು, ಗೋಡೆ, ಗಡಿಯಾರ, ತಾತನ ಬೋಳುತಲೆ ಎಲ್ಲಕ್ಕೂ ಕೆಂಪು ಸಿಡಿಯಿತು. ಹೊಸ ಅಡುಗೆ ಮಾಡಲಿಲ್ಲ. ನಿನ್ನೆಯ ಅನ್ನ, ಸಾರನ್ನು ಹಬೆಯಾಡುವ ಹಾಗೆ ಬಿಸಿ ಮಾಡಿ, ಎತ್ತಿಟ್ಟ ಕಾಳಿಗೆ ಒಂದು ಸೌಟು ಬಿಸಿ ಟೊಮೆಟೊ ಸುರಿದು ಬಡಿಸಿದರು. ಡಬ್ಬಿಗಳ ಮೇಲೆ ಮೊಮ್ಮಗಳು ಚೀಟಿ ಅಂಟಿಸಿ ತಾರೀಖು ಬರೆದಳು. ಮಗ ಬಾಯಿ ಚಪ್ಪರಿಸಿ, "ಅಪ್ಪ, ಇದು ಯಾವ ಹೋಟ್ಲಿಂದ?" ಎಂದು ಕೇಳಿದ. ತಾತ ಅವನಿಗೆ ಮತ್ತೊಂದು ಸೌಟು ಹಾಕಿದರು.

ವಾರ ಮುಗಿದ ಮೇಲೆ, ಭಾನುವಾರ ತಿಂಡಿ ಹೊತ್ತಿಗೆ, ಸೊಸೆ ಫ್ರಿಜ್ಜು ತೆರೆದು ನೋಡಿದಳು. ಒಳಗೆ ಗೋಡೆ ಕಾಣುತ್ತಿತ್ತು. ಕಸದ ಬುಟ್ಟಿಯೊಳಗೆ ಇಣುಕಿದಳು. ಒಂದು ಹಿಡಿ ಸಿಪ್ಪೆ, ಅಷ್ಟೇ. ಅವಳು ಏನೋ ಹೇಳಲು ಬಾಯಿ ತೆರೆಯುವ ಮೊದಲೇ ತಾತ ಕೆಮ್ಮಿದರು.

"ನಿನ್ನ ಪಟ್ಟೀಲಿ ತಪ್ಪಿದೆ."

"ಹೌದಾ?"

"ಎಲ್ಲಾ ದಿನಾನೂ ತುಂಬ್ಸಿಟ್ಟಿದೀಯ. ಈ ಮನೇಲಿ ವಾರಕ್ಕೊಂದಿನ ಅಡುಗೆ ಉಳಿದೇ ಉಳಿಯತ್ತೆ, ನಿನ್ನ ಗಂಡನ ದಯದಿಂದ. ನಡುವೆ ಒಂದು ದಿನ ಖಾಲಿ ಬಿಡು. ಉಳಿದದ್ದಿದ್ರೆ ಅದು, ಇಲ್ದಿದ್ರೆ ಮೊಟ್ಟೆ. ಮತ್ತೆ ಬೆಳಿಗ್ಗೆ ಮನೆ ಬಿಡೋಕೆ ಮುಂಚೆ ಪ್ರತಿಯೊಬ್ರೂ ಹೇಳ್ಬೇಕು, ಸಂಜೆ ಊಟಕ್ಕಿದೀನಿ, ಇಲ್ಲ, ಅಂತ. ಹೇಳ್ದೇ ಹೋದೋರಿಗೆ ಪಾತ್ರೆ ತೊಳ್ಯೋ ಶಿಕ್ಷೆ."

ಮಗ ತಟ್ಟೆಯೊಳಗೆ ತಲೆ ತಗ್ಗಿಸಿದ. ಸೊಸೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. "ಇನ್ನೇನು?"

"ಪೇಟೆ ನಂದು. ವಾರಕ್ಕೆರಡು ಸಲ. ಹೋಗಿ ಬಂದು ಏನು ಚೆನ್ನಾಗಿದೆ, ಏನು ಸೋವಿ ಅಂತ ಹೇಳ್ತೀನಿ, ಅದನ್ನ ನೋಡಿ ಅಡುಗೆ ಬರಿ."

"ಒಂದು ಸಲ ದೊಡ್ಡ ಚೀಲ. ಎರಡನೇ ಸಲ ಸೊಪ್ಪು, ಹಣ್ಣು ಮಾತ್ರ. ಸಣ್ಣ ಚೀಲ."

"ಸಣ್ಣ ಅಂದ್ರೆ?"

ಸೊಸೆ ಮಗಳ ಟಿಫಿನ್ ಚೀಲ ಎತ್ತಿ ತೋರಿಸಿದಳು.

"ಅದ್ರಲ್ಲಿ ಒಂದು ನಿಂಬೆಹಣ್ಣು ಕಾಲು ನೀಡಿ ಮಲಗಕ್ಕಾಗಲ್ಲ!" ತಾತ ಎದ್ದು ತಮ್ಮ ದೊಡ್ಡ ಚೀಲ ತಂದರು. ಸೊಸೆ ಅದರ ಬುಡವನ್ನು ಅರ್ಧಕ್ಕೆ ಮಡಿಸಿದಳು. ತಾತ ಮಡಿಕೆಯನ್ನು ಎರಡು ಬೆರಳು ಕೆಳಗೆ ಜಾರಿಸಿದರು. ಅವಳು ಒಂದು ಬೆರಳು ಮೇಲೆತ್ತಿದಳು. ಮಗ, ಮೊಮ್ಮಗಳು ಪಂದ್ಯ ನೋಡುವವರ ಹಾಗೆ ಕತ್ತು ಆಚೀಚೆ ತಿರುಗಿಸುತ್ತಿದ್ದರು.

"ಪಟ್ಟೀಲಿ ಇಲ್ದಿರೋದು ಒಂದು ತರ್ತೀನಿ. ಒಂದೇ. ಯಾಕೆ ಅಂತ ಕೇಳ್ಬಾರ್ದು" ಎಂದರು ತಾತ.

"ತನ್ನಿ. ಆದ್ರೆ ಒಂದು ಹೊಸ್ದು ಒಳಗೆ ಬರ್ಬೇಕಾದ್ರೆ, ಅದು ಯಾವತ್ತು ಯಾವ ಪಾತ್ರೆಗೆ ಹೋಗತ್ತೆ ಅಂತ ಬಾಗಿಲಲ್ಲೇ ಹೇಳ್ಬೇಕು."

"ಆಯ್ತು, ಒಪ್ದೆ. ಮುಗೀತು" ಎಂದು ತಾತ ಗೆದ್ದವರಂತೆ ಕೈ ಝಾಡಿಸಿ ಏಳಲು ಹೊರಟರು.

ಸೊಸೆ ಏಳಲಿಲ್ಲ. ಅಂಗೈ ಅಗಲಿಸಿ ಮುಂದೆ ಹಿಡಿದಳು. "ಮೇಲೆ ಒಂದು ಹಾಕಿ ಮಾವ."

"ಏನು?"

"ವಾರಕ್ಕೊಂದಿನ ಅಡುಗೆ ನಿಮ್ದು."

ಅರ್ಧ ಎದ್ದಿದ್ದ ತಾತ ಬಾಯಿ ಬಿಟ್ಟುಕೊಂಡು ಮತ್ತೆ ಕುರ್ಚಿಯಲ್ಲಿ ಕೂತರು. ಇಷ್ಟು ವರ್ಷ ಪೇಟೆಯಲ್ಲಿ ಅವರ ಎದುರು ನಿಂತವರೆಲ್ಲ ಇದೇ ಮುಖ ಮಾಡಿಕೊಂಡಿದ್ದರು. ಆ ಮುಖ ಒಳಗಿನಿಂದ ಹೇಗಿರುತ್ತದೆಂದು ಅವತ್ತು ತಿಳಿಯಿತು. "ಮಂಗಳವಾರ" ಎಂದರು ಕೊನೆಗೆ. ಹಾಳೆಯ ಮೇಲೆ ಅವರ ಹೆಸರು ಬಿತ್ತು. ಅದರ ಪಕ್ಕದಲ್ಲಿ ಮೊಮ್ಮಗಳು 'ಉಪ್ಪು ಆಮೇಲೆ' ಎಂದು ಸೇರಿಸಿದಳು.

ಇದೆಲ್ಲ ಒಂದೇ ಸಲಕ್ಕೆ ಸರಿಹೋಯಿತೆಂದೇನಲ್ಲ. ಮಗ ಎಷ್ಟೋ ಸಂಜೆ ಪಾತ್ರೆ ತೊಳೆದ. ಒಮ್ಮೆ ಖಾಲಿ ಬಿಟ್ಟ ದಿನವೇ ಯಾವುದೂ ಉಳಿದಿರದೆ, ಮೊಟ್ಟೆಯೂ ಮುಗಿದಿದ್ದು, ನಾಲ್ಕೂ ಜನ ಬ್ರೆಡ್ಡಿಗೆ ಸಕ್ಕರೆ ಸವರಿಕೊಂಡು ತಿಂದರು. ಆದರೆ ಸೊಸೆ ಕೆಲಸದಿಂದ ಬಂದವಳು ಈಗ ಮೊದಲು ಕೂರುತ್ತಾಳೆ. ಕಾಲು ಚಾಚಿ ಚಹಾ ಕುಡಿಯುತ್ತಾಳೆ. ಆಮೇಲೆ ಹಾಳೆಯತ್ತ ಒಂದು ಕಣ್ಣು ಹಾಯಿಸಿ, "ಓ, ಬೀನ್ಸು" ಎಂದು ಎದ್ದು ಹೋಗುತ್ತಾಳೆ. ಆ "ಓ" ಕೇಳಿದಾಗಲೆಲ್ಲ ತಾತ ಪೇಪರಿನ ಹಿಂದೆ ಮೀಸೆಯಡಿ ನಗುತ್ತಾರೆ.

ದೊಡ್ಡ ಕಾಯಿಯ ಆಸೆ ಮಾತ್ರ ಹೋಗಲಿಲ್ಲ. ಅದಕ್ಕೂ ಒಂದು ದಾರಿ ಸಿಕ್ಕಿತು. ಮೇಲಿನ ಮನೆಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು, ಗಂಡ ಹೆಂಡತಿ ಇಬ್ಬರೇ. ಎಲೆಕೋಸೊಂದು ತಂದರೆ ಮುಗಿಸಲಾರದೆ ಒದ್ದಾಡುತ್ತಿದ್ದರು. ಈಗ ತಾತ ತರುತ್ತಾರೆ, ಮೆಟ್ಟಿಲ ಮೇಲೆಯೇ ಪೇಪರು ಹಾಸಿ ಕೊಯ್ದು ಪಾಲು ಮಾಡುತ್ತಾರೆ.

ಮೊನ್ನೆ ಸೊಸೆ ಪಾಳಿ ಮುಗಿಸಿ ಬರುವಾಗ ತಾತ, ಮೇಷ್ಟ್ರು ಇಬ್ಬರೂ ಮೆಟ್ಟಿಲಲ್ಲಿ ಎದುರುಬದುರು ಕೂತಿದ್ದರು. ನಡುವೆ ಒಂದು ಎಲೆಕೋಸು. ಮೇಷ್ಟ್ರು ಪೆನ್ಸಿಲ್ ಹಿಡಿದು ಅದರ ನೆತ್ತಿಯ ಮೇಲೆ ಗೆರೆ ಎಳೆಯುತ್ತಿದ್ದರು.

"ಗೆರೆ ನಿಮ್ ಕಡೆ ವಾಲಿದೆ ಮೇಷ್ಟ್ರೇ" ಎಂದರು ತಾತ.

"ಗೆರೆ ನೆಟ್ಟಗಿದೆ. ಕೋಸೇ ಸೊಟ್ಟ. ನೀವು ತಂದದ್ದು."

"ದಂಟು ಯಾರಿಗೆ ಹೋಗತ್ತೆ ಅದನ್ನ ಮೊದ್ಲು ಹೇಳಿ."

ಸೊಸೆ ನೆರಿಗೆ ಎತ್ತಿಹಿಡಿದು, ಇಬ್ಬರ ನಡುವಿನಿಂದ ಹುಷಾರಾಗಿ ಹೆಜ್ಜೆಯಿಟ್ಟು ಮೇಲೆ ಹೋದಳು. ಕೆಳಗೆ ತಾತನ ಕೈಯ ಚಾಕು ಇನ್ನೂ ಗಾಳಿಯಲ್ಲೇ ಇತ್ತು.